ಅರವತ್ತೇಳು ಡಿಗ್ರಿ

ಅವಳಿಗೆ ತಂಪಕ್ಕ ಎಂಬ ಹೆಸರು ಬಿದ್ದದ್ದು ಕಸುಬಿನಿಂದ. ಸ್ವಭಾವ ನೋಡಿ ಹೆಸರಿಡುವ ಹಾಗಿದ್ದರೆ ಬೀದಿಯವರು ಬೇರೆಯದನ್ನೇ ಹುಡುಕಬೇಕಾಗುತ್ತಿತ್ತು. ಆಟದ ಕಂಪ್ಯೂಟರುಗಳಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಬಿಚ್ಚುವುದು, ಬಿಸಿ ಹೊರಹೋಗಲೆಂದು ಒಳಗೆ ಹಚ್ಚಿರುವ, ಸುಣ್ಣದಂತೆ ಒಣಗಿ ಉದುರುವ ಹಳೇ ಪೇಸ್ಟನ್ನು ಒರೆಸಿ ಹೊಸದು ಹಚ್ಚುವುದು, ಫ್ಯಾನಿನ ರೆಕ್ಕೆಗಳ ಸಂದಿಯ ದೂಳನ್ನು ಬ್ರಷ್ಷಿನಿಂದ ತೆಗೆಯುವುದು, ಒಟ್ಟಿನಲ್ಲಿ ಕುದಿಯುವ ಯಂತ್ರವನ್ನು ತಣ್ಣಗೆ ಮಾಡುವುದು ಅವಳ ಕೆಲಸ. ಅಪ್ಪ ಮೋಟಾರು ವೈಂಡಿಂಗ್ ಮಾಡುತ್ತಿದ್ದವನು. ತಾಮ್ರದ ತಂತಿ ಸುಟ್ಟ ವಾಸನೆಯಿಂದಲೇ ಮೋಟಾರು ಯಾಕೆ ಸತ್ತಿತೆಂದು ಹೇಳುತ್ತಿದ್ದ. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳಿಗೆ ಆ ವಾಸನೆ ಎಂದರೆ ತಲೆನೋವು. ಚಿಕ್ಕವಳು ಮಾತ್ರ ಶಾಲೆಯಿಂದ ಬಂದವಳೇ ಅಪ್ಪನ ಪಕ್ಕ ಕೂತು ಸ್ಕ್ರೂ ಆರಿಸುತ್ತಿದ್ದಳು.

ಬಾಯಿ ಮಾತ್ರ ಅಪ್ಪನದಲ್ಲ, ಅಜ್ಜಿಯದು. ಗಿರಾಕಿ ಬಂದು, "ಅಕ್ಕ, ಕಂಪ್ಯೂಟರ್ ಯಾಕೋ ಬಿಸಿಯಾಗುತ್ತೆ" ಎಂದರೆ, "ಸಿಗರೇಟಿನ ಬೂದಿ, ನಾಯಿ ಕೂದಲು, ಬಿಸ್ಕತ್ತಿನ ಪುಡಿ ಎಲ್ಲ ಉಣಿಸಿದ್ದೀಯಲ್ಲಪ್ಪ, ಇನ್ನು ಬಾಣಂತನ ಒಂದು ಬಾಕಿ" ಎನ್ನುವಳು. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಸಾಧು ಮನುಷ್ಯ. "ಇಡೀ ದಿನ ಒಲೆ ಮುಂದೆ ನಿಂತು ಮನೆಗೆ ಬಂದರೆ ಇಲ್ಲಿ ಇನ್ನೊಂದು ಒಲೆ" ಎಂದು ನಗುತ್ತಿದ್ದ.

ಅಕ್ಕನ ಗಂಡ ದೊಡ್ಡ ಆಸೆಯ ಮನುಷ್ಯ. ಮುಖ್ಯರಸ್ತೆಯ ಮೇಲೆ ಹಳೆಯ ಗೋದಾಮೊಂದನ್ನು ಹಿಡಿದು, ಸಾಲಾಗಿ ಕಂಪ್ಯೂಟರು ಜೋಡಿಸಿ, ಊರಿನ ಹುಡುಗ ಹುಡುಗಿಯರೆಲ್ಲ ಬಂದು ಆಡುವ ಆಟದ ಹಾಲ್ ತೆರೆದ. ಯಂತ್ರಗಳನ್ನು ಒಂದೊಂದಾಗಿ ಕಟ್ಟಿದ್ದು ತಂಪಕ್ಕನೇ. ತಿಂಗಳುಗಟ್ಟಲೆ ಅಲ್ಲೇ ನೆಲದ ಮೇಲೆ ಕೂತು, ಪ್ರತಿ ಕಾರ್ಡಿನ ಪೇಸ್ಟು ತಾನೇ ನೋಡಿ, ಪ್ರತಿ ತಂತಿಯನ್ನೂ ತಾನೇ ಕಟ್ಟಿದ್ದಳು. ಸ್ವಂತ ಅಕ್ಕನ ಮನೆಯ ವ್ಯವಹಾರ, ತನ್ನದೂ ಹೌದು ಎಂಬ ಭಾವನೆ.

ಆ ಹಾಲಿನ ಕಂಪ್ಯೂಟರುಗಳಿಗೆ ಸ್ವಂತ ಡಿಸ್ಕ್ ಇರಲಿಲ್ಲ. ಆಟಗಳೆಲ್ಲ ಒಳಕೋಣೆಯ ಒಂದೇ ದೊಡ್ಡ ಯಂತ್ರದಲ್ಲಿ, ಸರ್ವರಿನಲ್ಲಿ, ಇರುತ್ತಿದ್ದವು. ಮುಂದೆ ಕೂತವರಿಗೆ ಬೇಕಾದ್ದನ್ನು ಆ ಸರ್ವರೇ ತಂತಿಯ ಮೂಲಕ ಬಡಿಸಬೇಕು. ಇಂಥ ಹಾಲುಗಳಲ್ಲಿ ಸಾಮಾನ್ಯವಾಗಿ ಹೀಗೆಯೇ ಮಾಡುತ್ತಾರೆ. ಹೊಸ ಆಟ ಬಂದರೆ ಒಂದು ಕಡೆ ಹಾಕಿದರೆ ಸಾಕು. ಆದರೆ ಭಾವ ಸರ್ವರಿನೊಳಗೆ ಹಾಕಿಸಿದ್ದು ಎಲ್ಲೋ ಸಿಕ್ಕ ಹಳೇ ಡಿಸ್ಕು.

"ಭಾವ, ಒಬ್ಬ ಅಡುಗೆಯವನು, ಮುರಿದ ಸೌಟು, ಪಂಕ್ತಿ ತುಂಬ ಜನ. ಎಲ್ಲರೂ ಒಟ್ಟಿಗೆ ಕೇಳಿದ ದಿನ ಎಲ್ಲರೂ ಕೈ ಒಣಗಿಸ್ಕೊಂಡು ಕೂರ್ಬೇಕಾಗುತ್ತೆ. ಒಳ್ಳೇ ಡಿಸ್ಕ್ ಹಾಕ್ಸಿ" ಎಂದು ತಂಪಕ್ಕ ಎಷ್ಟೋ ಸಲ ಹೇಳಿದ್ದಳು. ಅಕ್ಕ ಎದುರಿಗೇ ಇದ್ದಳು.

"ಹಾಕ್ಸೋಣ ಪುಟ್ಟಿ, ಹಾಕ್ಸೋಣ. ಮೊದಲು ಲೈಟ್ ಬರಲಿ. ಜನ ಒಳಗೆ ಬರೋದು ಲೈಟ್ ನೋಡಿ, ಡಿಸ್ಕ್ ನೋಡಿ ಅಲ್ಲ" ಎಂದಿದ್ದ ಭಾವ. ಲೈಟು ಬಂತು. ಗೋಡೆಯ ತುಂಬ ನೀಲಿ, ನೇರಳೆ. ರೇಸ್ ಕಾರಿನ ಸೀಟಿನಂಥ ಕುರ್ಚಿಗಳು ಬಂದವು. ಡಿಸ್ಕು ಬರಲಿಲ್ಲ.

ಹಾಲ್ ತುಂಬಿದ್ದ ಮೊದಲ ದೊಡ್ಡ ಪಂದ್ಯದ ದಿನವೇ ಅದು ಕೈಕೊಟ್ಟಿತು. ವೇದಿಕೆಯ ಮೇಲೆ ಎರಡು ತಂಡ, ಹಿಂದೆ ದೊಡ್ಡ ಪರದೆ, ಎದುರಿಗೆ ನೂಕುನುಗ್ಗಲು. ಆಟ ಕಾವೇರಿದಾಗ ಚಿತ್ರ ತಡವರಿಸಿತು. ಒಂದು ಕ್ಷಣ ಎಲ್ಲ ಕಲ್ಲಾಗಿ ನಿಂತು ಮತ್ತೆ ಓಡಿತು. ಮತ್ತೆ ನಿಂತಿತು. ಗುರಿಯಿಟ್ಟ ಆಟಗಾರ್ತಿಯೊಬ್ಬಳು ಆ ಕಲ್ಲಾದ ಕ್ಷಣದಲ್ಲೇ ಸತ್ತು, ಹೆಡ್‌ಫೋನು ಕಿತ್ತೆಸೆದು ಎದ್ದಳು. ಜನ ಕೂಗಿದರು, ಸಿಳ್ಳೆ ಹೊಡೆದರು. ಯಾರೋ ವೇದಿಕೆ ಮೇಲೆ ಹತ್ತಿದರು.

ಭಾವನ ಮುಖ ಬಿಳಿಚಿತು. ನಂತರ ಕೆಂಪಾಯಿತು. ಮೈಕು ಹಿಡಿದು ಅವನು ಕೈ ತೋರಿಸಿದ್ದು ಗೋಡೆಯ ಪಕ್ಕ ನಿಂತಿದ್ದ ತಂಪಕ್ಕನ ಕಡೆಗೆ.

"ಯಂತ್ರ ಕಟ್ಟಿದ್ದು ಇವಳು! ನನ್ನ ನಾದಿನಿ ಅಂತ ನಂಬಿ ಕೊಟ್ಟೆ. ಪೇಸ್ಟ್ ಸರಿಯಾಗಿ ಹಚ್ಚಿಲ್ಲ, ಕಾರ್ಡೆಲ್ಲ ಕಾದು ಹೋಗಿದೆ. ತಪ್ಪು ನಂದೇ, ಸಂಬಂಧ ನೋಡಿದ್ದು ನನ್ನ ತಪ್ಪು!"

"ಭಾವ, ಬಿಸಿ ಅಲ್ಲ ಅದು. ಪರದೆ ನೋಡಿ, ಅಲ್ಲೇ ಬರೆದಿದೆ" ಎಂದಳು ತಂಪಕ್ಕ. ಸಿಳ್ಳೆಯಲ್ಲಿ ಅದು ಅವಳಿಗೇ ಕೇಳಿಸಲಿಲ್ಲ. ಕೌಂಟರಿನ ಹಿಂದೆ ಅಕ್ಕ ನಿಂತಿದ್ದಳು. ತಂಪಕ್ಕ ಅವಳ ಮುಖ ನೋಡಿದಳು. ಒಂದು ಮಾತು, "ಡಿಸ್ಕ್ ಹಾಕ್ಸಿ ಅಂತ ಇವಳು ಹೇಳಿದ್ದಳು" ಎಂಬ ಒಂದೇ ಮಾತು ಸಾಕಿತ್ತು. ಅಕ್ಕ ತಲೆ ತಗ್ಗಿಸಿ ಕೌಂಟರಿನ ಗಾಜು ಒರೆಸತೊಡಗಿದಳು. ಗಾಜು ಆಗಲೇ ಸ್ವಚ್ಛವಾಗಿತ್ತು.

ಸಂಜೆಯೊಳಗೆ ಭಾವ ಆಟಗಾರರ ಗುಂಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಹಾಕಿದ. ಆಟ ನಡೆಯುವಾಗ ಪರದೆಯ ಮೂಲೆಯಲ್ಲಿ ಯಂತ್ರದ ನಾಡಿ ತೋರಿಸುವ ಓವರ್‌ಲೇ ಎಂಬ ಪಟ್ಟಿ ಇರುತ್ತದಲ್ಲ, ಅದರ ಚಿತ್ರ. ಕೆಳಗಿನ ಗೆರೆಯಲ್ಲಿ ಎದ್ದ ಮುಳ್ಳುಗಳಿಗೆ ಕೆಂಪು ವೃತ್ತ ಎಳೆದು, "ಪೇಸ್ಟ್ ಹಚ್ಚಲು ಬಾರದವರ ಕೈಚಳಕ" ಎಂದು ಬರೆದಿದ್ದ. ನೂರಾರು ಜನ ನಕ್ಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಹಿಂದೆಯೂ ಇದ್ದರು. ಬರೆಯ ಚಿತ್ರ ತೆಗೆದು ಊರಿಗೆಲ್ಲ ಹಂಚಿದವನು ಭಾವ.

ಆ ಚಿತ್ರವನ್ನು ತಂಪಕ್ಕ ತನ್ನ ಫೋನಿನಲ್ಲಿ ಉಳಿಸಿಕೊಂಡಳು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಓದಲು ಬರುವವರಿಗೆ ಎಲ್ಲ ಎದುರಿಗೇ ಇತ್ತು. ಫ್ರೇಮ್ ರೇಟ್ ನೂರಾ ಮೂವತ್ತೆಂಟು, ಅಂದರೆ ಸೆಕೆಂಡಿಗೆ ಅಷ್ಟು ಚಿತ್ರ, ಆರೋಗ್ಯವಾಗಿದೆ. ಅದರ ಕೆಳಗೆ ಫ್ರೇಮ್ ಟೈಮಿನ ಗೆರೆ, ಒಂದೊಂದು ಚಿತ್ರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂಬ ಲೆಕ್ಕ. ಏಳರ ಆಸುಪಾಸು ಸಪಾಟಾಗಿ ಓಡುತ್ತಿದ್ದ ಗೆರೆ ಅಲ್ಲಲ್ಲಿ ಥಟ್ಟನೆ ತೊಂಬತ್ತಕ್ಕೆ ನೆಗೆದು ಮತ್ತೆ ಏಳಕ್ಕೆ ಬೀಳುತ್ತಿತ್ತು. ಸರಾಸರಿ ಚೆನ್ನಾಗಿದ್ದರೂ ಕಣ್ಣಿಗೆ ತಡವರಿಕೆ ಕಾಣುವುದು ಇದರಿಂದಲೇ. ಹೊಲಿಗೆಯಲ್ಲಿ ಅಂಗುಲಕ್ಕೆ ಇಷ್ಟು ಎಂದು ಲೆಕ್ಕ ಸರಿಯಿದ್ದರೂ ನಡುವೆ ಒಂದು ಹೊಲಿಗೆ ತಪ್ಪಿದರೆ ಬಟ್ಟೆ ಬಾಯಿಬಿಡುವುದು ಅಲ್ಲೇ ತಾನೆ?

ಮತ್ತು ಮೂಲೆಯಲ್ಲಿ, ಕೆಂಪು ವೃತ್ತದ ಆಚೆ, ಕಾರ್ಡಿನ ತಾಪ. ಅರವತ್ತೇಳು ಡಿಗ್ರಿ. ದುಡಿಯುವ ಕಾರ್ಡಿಗೆ ಅರವತ್ತೇಳು ಎಂದರೆ ಮೈ ಬೆಚ್ಚಗಿದೆ ಎಂದಷ್ಟೇ. ಪೇಸ್ಟ್ ಕೆಟ್ಟಿದ್ದರೆ ಎಂಬತ್ತೈದು ದಾಟಬೇಕಿತ್ತು, ಕಾರ್ಡು ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸಬೇಕಿತ್ತು. ಆಗ ಫ್ರೇಮ್ ರೇಟ್ ಕುಸಿದು ಕೆಳಗೇ ಉಳಿಯುತ್ತದೆ, ಗೆರೆ ಇಡಿಯಾಗಿ ಮೇಲೇರುತ್ತದೆ. ಬಿಡಿಬಿಡಿ ಮುಳ್ಳು ಏಳುವುದು ಬೇರೆ ರೋಗ. ಅವಳ ತಪ್ಪಿಲ್ಲವೆಂಬ ಸಾಕ್ಷಿಯನ್ನು ಭಾವ ತನ್ನ ಕೈಯಾರೆ ಊರಿಗೆಲ್ಲ ಹಂಚಿದ್ದ. ಒಬ್ಬರೂ ಓದಲಿಲ್ಲ. ತಂಪಕ್ಕ ಗುಂಪಿನಲ್ಲಿ ಬರೆದು ಹೇಳಲು ಹೋದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಯಾರೋ ಉತ್ತರ ಕೊಟ್ಟರು. ಮರುಕ್ಷಣ ಭಾವ ಅವಳನ್ನು ಗುಂಪಿನಿಂದ ತೆಗೆದ.

ಆಮೇಲಿನ ಕೆಲವು ವರ್ಷ ಕಷ್ಟದವು. ಯಂತ್ರ ಕೊಡಲು ಬಂದವರು, "ಆ ಹಾಲಿನಲ್ಲಿದ್ದದ್ದು ನೀವೇನಾ?" ಎಂದು ಕೇಳಿ, ಫೋನ್ ಬಂದವರಂತೆ ಹೊರಗೆ ಹೋಗಿ ಹಾಗೆಯೇ ಹೋಗಿಬಿಡುತ್ತಿದ್ದರು. ದರ್ಜಿಯ ಅಂಗಡಿಯ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು, ಒಬ್ಬೊಬ್ಬರ ನಂಬಿಕೆಯನ್ನು ಮತ್ತೆ ಗಳಿಸಬೇಕಾಯಿತು. ಗಳಿಸಿದಳು. ಆದರೆ ಹೊಟ್ಟೆಯೊಳಗಿನ ಕೆಂಡ ಆರಲಿಲ್ಲ. ಅದನ್ನು ಆರಿಸುವ ಆಸೆಯೂ ಅವಳಿಗಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು ಮೊದಲು ಆ ಚಿತ್ರ ನೋಡಿ, ಆಮೇಲೆ ಕೆಲಸಕ್ಕೆ ಕೂರುವಳು.

"ಅಳಿಸಿಬಿಡೇ ಅದನ್ನ" ಎಂದ ಗಂಡ ಒಮ್ಮೆ.

"ಹಾವಿನ ದ್ವೇಷ ಹನ್ನೆರಡು ವರುಷ ಅಂತಾರೆ. ಇನ್ನೂ ಅರ್ಧ ಕೂಡ ಆಗಿಲ್ಲ."

"ನೀನು ಹಾವಾದರೆ ನಾನು ಏನು?"

"ಹುತ್ತ. ಸುಮ್ನೆ ಇರು."

ಅಕ್ಕ ಫೋನ್ ಮಾಡುತ್ತಿದ್ದಳು. ತಂಪಕ್ಕ ಎತ್ತುತ್ತಿರಲಿಲ್ಲ.

ಹೀಗಿರುವಾಗ ಊರಿಗೆ ಆಟಗಳ ದೊಡ್ಡ ಪಂದ್ಯಾವಳಿ ಬರುವುದೆಂದು ಸುದ್ದಿಯಾಯಿತು. ಯಾವ ಹಾಲಿನಲ್ಲಿ ನಡೆಸುವುದೆಂದು ನೋಡಲು ಬಂದ ಸಂಘಟಕಿ ನೇರ ಮಾತಿನ ಹೆಂಗಸು. ಹಿಂದೆ ಸ್ವತಃ ಆಟಗಾರ್ತಿ. ಅವಳ ಲ್ಯಾಪ್‌ಟಾಪ್ ದಾರಿಯಲ್ಲಿ ಕೆಟ್ಟು, ದರ್ಜಿ ತೋರಿಸಿದ ಬಾಗಿಲಿಗೆ ಬಂದಳು. ತಂಪಕ್ಕ ಬಿಚ್ಚಿ, ಬೈದು, ಸರಿಮಾಡಿ ಕೊಟ್ಟಳು. ಸಂಘಟಕಿಗೆ ಕೆಲಸವೂ ಹಿಡಿಸಿತು, ಬೈಗುಳವೂ ಹಿಡಿಸಿತು.

"ಯಂತ್ರ ಪರೀಕ್ಷೆ ಮಾಡೋರು ಒಬ್ಬರು ಬೇಕಿತ್ತು ನನಗೆ. ಹಾಲಿನವರು ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಓದಿ ಹೇಳ್ತೀರಾ?"

ಮೂರು ಹಾಲುಗಳ ಚಿತ್ರಗಳಿದ್ದವು. ಎರಡನೆಯ ಹಾಲಿನವು ತೆರೆದಾಗ ನೀಲಿ ನೇರಳೆ ಗೋಡೆ ಕಂಡಿತು. ತಂಪಕ್ಕನ ಕೈ ನಿಂತಿತು.

"ಇವರ ಪರಿಚಯ ಇದೆಯಾ?" ಎಂದಳು ಸಂಘಟಕಿ.

"ಇದೆ" ಎಂದಳು ತಂಪಕ್ಕ. ಅದಕ್ಕಿಂತ ಹೆಚ್ಚು ಹೇಳಬೇಕಿತ್ತು. ಹೇಳಲಿಲ್ಲ.

ಭಾವ ಕಳಿಸಿದ ಚಿತ್ರಗಳು ನೋಡಲು ಮುತ್ತಿನಂತಿದ್ದವು. ಫ್ರೇಮ್ ರೇಟ್ ನೂರಾ ನಲವತ್ತನಾಲ್ಕು. ಫ್ರೇಮ್ ಟೈಮ್ ಏಳು ಮಿಲಿಸೆಕೆಂಡಿಗೆ ಒಂದು ಕೂದಲು ಕಡಿಮೆ. ಸಾವಿರವನ್ನು ನೂರಾ ನಲವತ್ತನಾಲ್ಕರಿಂದ ಭಾಗಿಸಿದರೆ ಬರಬೇಕಾದ್ದು ಅದೇ, ಚಿತ್ರ ತಿದ್ದಿದ್ದಲ್ಲ. ಗೆರೆ ಕೆರೆಯ ನೀರಿನಂತೆ ಸಪಾಟು, ಒಂದು ಮುಳ್ಳಿಲ್ಲ. ಒಂದು ಗಳಿಗೆ ಅವಳಿಗೆ ಅನುಮಾನ ಬಂತು. ಕೊನೆಗೂ ಡಿಸ್ಕ್ ಹಾಕಿಸಿದನೇನೋ, ತನ್ನ ಮಾತನ್ನೇ ತನ್ನ ಬೆನ್ನ ಹಿಂದೆ ನಡೆಸಿ ಗೆದ್ದನೇನೋ. ಆಮೇಲೆ ಕಣ್ಣು ಮೂಲೆಗೆ ಹೋಯಿತು.

ನಲವತ್ತಮೂರು ಡಿಗ್ರಿ.

ಇನ್ನೊಂದು ಚಿತ್ರ ತೆರೆದಳು. ನಲವತ್ತೊಂದು. ಇನ್ನೊಂದು. ನಲವತ್ತನಾಲ್ಕು. ತಂಪಕ್ಕ ನಕ್ಕಳು. ಬಹಳ ದಿನದ ಮೇಲೆ ಬಂದ ನಗು, ಅಷ್ಟು ಒಳ್ಳೆಯ ನಗುವಲ್ಲ.

"ಏನಾಯ್ತು?"

"ನೋಡಿ, ಈ ಕಾರ್ಡು ಈ ಆಟವನ್ನ ಈ ವೇಗದಲ್ಲಿ ಹತ್ತು ನಿಮಿಷ ಆಡಿಸಿದರೆ ಅರವತ್ತೈದು ಎಪ್ಪತ್ತಕ್ಕೆ ಬರಲೇಬೇಕು. ಇದು ನಲವತ್ತಮೂರು. ಓಡಿ ಗೆದ್ದೆ ಅಂತಾನೆ, ಮೈಮೇಲೆ ಒಂದು ಹನಿ ಬೆವರಿಲ್ಲ. ಆಟ ಶುರು ಮಾಡಿ ಅರೆಗಳಿಗೆಯಲ್ಲಿ ಚಿತ್ರ ತೆಗೆದಿದ್ದಾರೆ. ಅದೂ ಖಾಲಿ ಹಾಲಿನಲ್ಲಿ, ಒಂದೊಂದೇ ಯಂತ್ರ ಹಚ್ಚಿ. ಸುಳ್ಳು ಹೇಳಿಲ್ಲ. ನಿಜವನ್ನ ಪೂರ್ತಿ ಹೇಳಿಲ್ಲ."

"ಹಾಗಾದರೆ?"

"ಹಾಲ್ ತುಂಬ ಜನ ಕೂರಿಸಿ. ಎಲ್ಲ ಯಂತ್ರ ಒಟ್ಟಿಗೆ. ಅರ್ಧ ಗಂಟೆ ಆಡಿಸಿ, ನಡುನಡುವೆ ಆಟದೊಳಗಿನ ರಣರಂಗ ಬದಲಿಸಿ. ಪಂದ್ಯದ ದಿನ ಆಗೋದೂ ಅದೇ ತಾನೆ? ಮೂರೂ ಹಾಲಿಗೂ ಒಂದೇ ಪರೀಕ್ಷೆ. ಓವರ್‌ಲೇ ದೊಡ್ಡ ಪರದೆ ಮೇಲೆ ಇರಲಿ. ಎಲ್ಲರಿಗೂ ಕಾಣ್ಬೇಕು."

ಎಲ್ಲರಿಗೂ ಕಾಣಬೇಕು ಎಂದಾಗ ಅವಳ ಬಾಯಲ್ಲಿ ಬೆಲ್ಲ ಕರಗಿದಂತಾಯಿತು.

ಪರೀಕ್ಷೆಗೆ ಬರುವವರು ಯಾರೆಂದು ಭಾವನಿಗೆ ಹೇಗೋ ತಿಳಿಯಿತು. ಮಧ್ಯಾಹ್ನ ಅಕ್ಕ ಬಂದಳು. ಕೋಣೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ, ನಿಂತೇ ಇದ್ದಳು. ಕೂದಲು ನರೆತಿತ್ತು. ತಂಪಕ್ಕ ಕೈಯಲ್ಲಿದ್ದ ಫ್ಯಾನಿನಿಂದ ಕಣ್ಣೆತ್ತಲಿಲ್ಲ.

"ಪುಟ್ಟಿ, ಈ ಪಂದ್ಯಾವಳಿ ಕೈಬಿಟ್ಟರೆ ಹಾಲ್ ಉಳಿಯಲ್ಲ. ಪಕ್ಕದ ಬೀದಿಯಲ್ಲಿ ಹೊಸದು ಬಂದಿದೆ, ಜನ ಅಲ್ಲಿಗೆ ಹೋಗ್ತಿದ್ದಾರೆ."

"ಡಿಸ್ಕ್ ಹಾಕ್ಸಿದ್ದೀರಾ?"

ಅಕ್ಕ ಸೆರಗಿನ ತುದಿಯಿಂದ ಮೇಜಿನ ಅಂಚು ಒರೆಸಿದಳು.

"ಹಾಕ್ಸಿದ್ದೀರಾ ಅಂತ ಕೇಳ್ದೆ."

"ಹೊಸ ಬೋರ್ಡ್ ಹಾಕ್ಸಿದ್ರು. ಹೊರಗಡೆ."

"ಹಾಗಾದರೆ ಬೋರ್ಡ್ ನೋಡಿ ಪಾಸ್ ಮಾಡೋಕೆ ಬೇರೆ ಯಾರನ್ನಾದರೂ ಕರೀರಿ."

"ಅವತ್ತು ನಾನು ಬಾಯಿ ಬಿಡಬೇಕಿತ್ತು. ಗೊತ್ತು ನನಗೆ."

"ಗೊತ್ತಿದ್ದರೆ ಮೈಕ್ ಅಲ್ಲೇ ಇತ್ತು. ಇವತ್ತು ಈ ನಾಲ್ಕು ಗೋಡೆಗೆ ಹೇಳಿ ಏನು ಪ್ರಯೋಜನ?"

ಅಕ್ಕ ಹೊರಟುಹೋದಳು. ಅವಳು ಹೋದ ಮೇಲೆ ತಂಪಕ್ಕ ಅದೇ ಸ್ಕ್ರೂವನ್ನು ಹಾಕಿ, ಬಿಚ್ಚಿ, ಮತ್ತೆ ಹಾಕುತ್ತ ಕೂತಳು. ಮನಸ್ಸು ಮಾತ್ರ ಸಡಿಲವಾಗಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಹಾಲ್ ತುಂಬಿತ್ತು. ಅಂದು ಸಿಳ್ಳೆ ಹೊಡೆದಿದ್ದ ಎಷ್ಟೋ ಮುಖಗಳು ಈಗ ಗಡ್ಡ ಮೀಸೆ ಹೊತ್ತು ಕೂತಿದ್ದವು. ತಂಪಕ್ಕ ಒಗೆದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ಕಾಣಿಸಿದಾಗ ಗುಸುಗುಸು ಎದ್ದಿತು. ಭಾವ ಕೈಚಾಚಿ ಬಂದ. "ಬಾಮ್ಮಾ ಪುಟ್ಟಿ, ನಮ್ಮವಳೇ ಬಂದಿರೋದು ಒಳ್ಳೇದಾಯ್ತು."

"ಯಂತ್ರ ಹಚ್ಚಿಸಿ, ಭಾವ."

ಈಗ ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು ರೇಡಿಯೊ ಮಾಮ. ರೇಡಿಯೊ ರಿಪೇರಿಯಿಂದ ಬಂದವನು, ಅರವತ್ತರ ಹತ್ತಿರದ ಮನುಷ್ಯ. ಕನ್ನಡಕವನ್ನು ದಾರದಿಂದ ಕೊರಳಿಗೆ ಕಟ್ಟಿಕೊಂಡು ಒಂದೊಂದೇ ಯಂತ್ರದ ಗುಂಡಿ ಒತ್ತುತ್ತ ಬಂದ. ಪ್ರತಿ ಸಲವೂ ಭಾವನ ಕಡೆ ಒಮ್ಮೆ ನೋಡುತ್ತಿದ್ದ. ತಂಪಕ್ಕ ಅದನ್ನು ಗಮನಿಸಿದಳು.

ಮೊದಲು ಎಲ್ಲ ಚೆನ್ನಾಗಿತ್ತು. ಪರದೆಯ ಮೇಲೆ ಗೆರೆ ಸಪಾಟಾಗಿ ಓಡಿತು, ತಾಪ ನಿಧಾನಕ್ಕೆ ಐವತ್ತು, ಅರವತ್ತು ದಾಟಿತು. ಭಾವ ಸಂಘಟಕಿಯ ಪಕ್ಕ ನಿಂತು ಕುರ್ಚಿಗಳ ಗುಣಗಾನ ಮಾಡುತ್ತಿದ್ದ. ತಂಪಕ್ಕ ಕೈಯೆತ್ತಿ, "ರಣರಂಗ ಬದಲಿಸಿ, ಎಲ್ಲರೂ" ಎಂದಳು.

ಎಲ್ಲರೂ ಒಟ್ಟಿಗೆ ಬದಲಿಸಿದರು. ಒಳಕೋಣೆಯ ಸರ್ವರು ಒಮ್ಮೆಗೇ ಎಲ್ಲರಿಗೂ ಬಡಿಸಬೇಕಾಗಿ ಬಂತು. ಹೊಸ ರಣರಂಗದೊಳಗೆ ಕಾಲಿಟ್ಟು ಓಡಲು ಶುರುಮಾಡಿದ ಮೇಲೂ ಬೇಕಾದ್ದು ಪೂರ್ತಿ ಬಂದಿರಲಿಲ್ಲ. ಚಿತ್ರ ಕಲ್ಲಾಯಿತು. ಗೆರೆ ಏಳರಿಂದ ತೊಂಬತ್ತಕ್ಕೆ ನೆಗೆಯಿತು, ಬಿತ್ತು, ಮತ್ತೆ ನೆಗೆಯಿತು. ಬಾಚಣಿಗೆಯ ಹಲ್ಲಿನಂತೆ ಮುಳ್ಳುಗಳು. "ನಿಂತ್ಹೋಯ್ತು!" ಎಂದರು ಆ ಮೂಲೆಯವರು. "ನಂದೂ!" ಎಂದರು ಈ ಮೂಲೆಯವರು, ಅದೇ ಉಸಿರಿನಲ್ಲಿ.

ಭಾವ ಒಂದು ಕ್ಷಣವೂ ಯೋಚಿಸಲಿಲ್ಲ. ಅಭ್ಯಾಸವಾಗಿದ್ದ ಕೈ ತಾನಾಗಿಯೇ ಮೇಲೆದ್ದಿತು.

"ಮಾಮಾ! ಎಷ್ಟು ಸಲ ಹೇಳಿದ್ದೆ ನಿನಗೆ, ಪೇಸ್ಟ್ ಸರಿಯಾಗಿ ಹಚ್ಚು ಅಂತ? ನೋಡಿ ಮೇಡಂ, ವಯಸ್ಸಾದವನು ಅಂತ ಇಟ್ಕೊಂಡೆ, ಕಾರ್ಡೆಲ್ಲ ಕಾಯಿಸಿ ಹಾಕಿದ್ದಾನೆ."

ರೇಡಿಯೊ ಮಾಮ ಕನ್ನಡಕ ತೆಗೆದು ನೆಲ ನೋಡಿದ. ಅವನ ಮುಖದ ಮೇಲೆ ತನ್ನದೇ ಹಳೆಯ ಮುಖ ಕಂಡು ತಂಪಕ್ಕನಿಗೆ ಮೈ ಉರಿದುಹೋಯಿತು. ಇಷ್ಟು ವರ್ಷ ಕಾಯಿಸಿಟ್ಟ ಸೇಡನ್ನು ಹೇಗೆ ಬಡಿಸಬೇಕೆಂದು ಎಷ್ಟೋ ರೀತಿ ಯೋಚಿಸಿದ್ದಳು. ಎಲೆ ಹಾಕಿ ಕೊಟ್ಟವನು ಭಾವನೇ.

ಮೈಕ್ ಎತ್ತಿಕೊಂಡಳು.

"ಯಾರೂ ಏಳ್ಬೇಡಿ. ಪರದೆ ಹಾಗೇ ಇರಲಿ. ಮೂಲೆಯಲ್ಲಿ ಒಂದು ಸಂಖ್ಯೆ ಇದೆ. ಕಾರ್ಡಿನ ತಾಪ. ಯಾರಾದರೂ ಜೋರಾಗಿ ಓದಿ."

ಹಿಂದಿನ ಸಾಲಿನ ಒಬ್ಬಳು ಓದಿದಳು: "ಅರವತ್ತಾರು."

"ಕಾರ್ಡು ಕಾದಿದ್ದರೆ ಎಂಬತ್ತೈದು ದಾಟಿರ್ಬೇಕು. ವೇಗ ಇಳಿದು ಇಳಿದಲ್ಲೇ ಇರ್ಬೇಕು. ಮುಳ್ಳು ಬಿದ್ದ ಮೇಲೆ ಫ್ರೇಮ್ ರೇಟ್ ಎಷ್ಟಕ್ಕೆ ವಾಪಸ್ ಬರುತ್ತೆ, ಓದಿ."

"ನೂರಾ ನಲವತ್ತು!" ಈಗ ಹಲವು ದನಿ.

"ಪೇಸ್ಟ್ ಚೆನ್ನಾಗಿದೆ. ಮಾಮ ಚೆನ್ನಾಗಿ ಹಚ್ಚಿದ್ದಾರೆ. ಕಾರ್ಡು ಕೈಕಟ್ಟಿ ಕಾಯ್ತಾ ಕೂತಿದೆ, ಬಡಿಸೋರು ಬಂದಿಲ್ಲ ಅಂತ. ಎಲ್ಲ ಯಂತ್ರ ಒಟ್ಟಿಗೆ ನಿಂತವಲ್ಲ? ಪೇಸ್ಟ್ ಕೆಟ್ಟರೆ ಒಂದು ಕೆಡುತ್ತೆ, ಎರಡು ಕೆಡುತ್ತೆ. ಎಲ್ಲವೂ ಒಂದೇ ಗಳಿಗೆಗೆ ಮಾತಾಡ್ಕೊಂಡು ಕೆಡಲ್ಲ. ಎಲ್ಲಕ್ಕೂ ಸೇರಿದ್ದು ಒಂದೇ, ಒಳಗಿರೋ ಸರ್ವರು. ಅದರ ಡಿಸ್ಕ್ ಬದಲಿಸಿ ಅಂತ ನಾನು ಈ ಹಾಲ್ ಕಟ್ಟುವಾಗಲೇ ಹೇಳಿದ್ದೆ."

ನಂಬಿಕೆಯಿಲ್ಲದವರು ಇರಬಾರದೆಂದು, ಮುಂದಿನ ಸಾಲನ್ನು ಮಾತ್ರ ಬಿಟ್ಟು ಉಳಿದವರ ಆಟವನ್ನೆಲ್ಲ ನಿಲ್ಲಿಸಿ, ಮತ್ತೆ ರಣರಂಗ ಬದಲಿಸಿ ತೋರಿಸಿದಳು. ಗೆರೆ ಹೆಚ್ಚುಕಡಿಮೆ ಸಪಾಟಾಗಿ ಓಡಿತು. ಅದೇ ಕಾರ್ಡು, ಅದೇ ಪೇಸ್ಟು, ಅರವತ್ತೇಳು ಡಿಗ್ರಿ. ಆಮೇಲೆ ತನ್ನ ಫೋನನ್ನು ಪರದೆಗೆ ಜೋಡಿಸಿ, ಹಳೆಯ ಚಿತ್ರವನ್ನು ಕೆಂಪು ವೃತ್ತದ ಸಮೇತ ಹಾಕಿದಳು. ಈಗ ಓದಲು ಬರುತ್ತಿತ್ತು ಅವರಿಗೆ. ಮೊದಲು ಒಬ್ಬರು, ಆಮೇಲೆ ಇಡೀ ಸಾಲು ಮೂಲೆಯ ಸಂಖ್ಯೆಯತ್ತ ಬೆರಳು ಮಾಡಿತು. ಅಂದು ಹೆಡ್‌ಫೋನು ಎಸೆದಿದ್ದ ಆಟಗಾರ್ತಿ ಎದ್ದು ಭಾವನ ಕಡೆ ತಿರುಗಿ, "ಅವತ್ತು ನಮ್ಮ ತಂಡ ಸೋತಿದ್ದು ನಿಮ್ಮ ಡಿಸ್ಕಿಗಾ?" ಎಂದು ಕೇಳಿದಳು.

"ಇದು ಸಂಚು! ಇವಳು ನನ್ನ ನಾದಿನಿ, ನನ್ನ ಮೇಲೆ ಹಗೆ ಇದೆ ಇವಳಿಗೆ" ಎಂದು ಕೂಗಿದ ಭಾವ.

ಸಂಘಟಕಿ ತಂಪಕ್ಕನ ಕಡೆ ನೋಡಿದಳು. ಇದು ಅವಳಿಗೆ ಹೊಸ ಸುದ್ದಿ.

"ಹೌದು, ಹಗೆ ಇದೆ" ಎಂದಳು ತಂಪಕ್ಕ. "ನಿಮಗೆ ಮೊದಲೇ ಹೇಳ್ಬೇಕಿತ್ತು, ಹೇಳಿದ್ದರೆ ನೀವು ಈ ಪರೀಕ್ಷೆಗೆ ಕರೀತಿರಲಿಲ್ಲ. ಆದರೆ ಆ ಸಂಖ್ಯೆ ಬರೆದದ್ದು ನಾನಲ್ಲ, ಯಂತ್ರ. ಅದಕ್ಕೆ ನೆಂಟಸ್ತಿಕೆ ಗೊತ್ತಿಲ್ಲ."

ಸಂಘಟಕಿ ಒಳಕೋಣೆಗೆ ಹೋಗಿ ಸರ್ವರನ್ನು ತಾನೇ ನೋಡಿ ಬಂದಳು. "ಇನ್ನು ಮುಂದೆ ನನ್ನ ಹತ್ತಿರ ಹೀಗೆ ಮುಚ್ಚಿಡಬೇಡಿ" ಎಂದು ತಂಪಕ್ಕನಿಗೆ ಬಿರುಸಾಗಿ ಹೇಳಿ, ಭಾವನ ಕಡೆ ತಿರುಗಿದಳು. "ಸರಿಪಡಿಸಿಕೊಳ್ಳೋಕೆ ಒಂದು ವಾರ ಕೊಡೋದು ನಮ್ಮ ನಿಯಮ. ಆಮೇಲೆ ಇದೇ ಪರೀಕ್ಷೆ."

ಭಾವ ಹೊರಗೆ ಬಂದು ಮೆಟ್ಟಿಲ ಮೇಲೆ ತಂಪಕ್ಕನನ್ನು ತಡೆದ. ದನಿ ಇಳಿದಿತ್ತು. "ಪುಟ್ಟಿ, ಯಾವ ಡಿಸ್ಕ್, ಯಾವ ತಂತಿ, ನನಗೆ ತಿಳಿಯಲ್ಲ. ಮಾಮನಿಗೂ ಸರ್ವರ್ ಗೊತ್ತಿಲ್ಲ. ವಾರದೊಳಗೆ ನಿನ್ನಿಂದ ಮಾತ್ರ ಆಗುತ್ತೆ. ಬಾಮ್ಮ."

"ಬರ್ತೀನಿ. ಎರಡೇ ಗಂಟೆ ಕೆಲಸ. ಒಂದು ಮಾತು ಬರೀರಿ, ಅದೇ ಗುಂಪಿನಲ್ಲಿ. 'ತಾಪ ಅರವತ್ತೇಳೇ ಇತ್ತು, ತಪ್ಪು ಡಿಸ್ಕಿನದು, ನಂದು.' ಅಷ್ಟು ಬರೆದರೆ ಈಗಲೇ ಬರ್ತೀನಿ."

ಭಾವ ಫೋನ್ ತೆಗೆದ. ಬೆರಳು ಪರದೆಯ ಮೇಲೆ ನಿಂತಿತು. ಒಳಗಿನಿಂದ ಆಟಗಾರರು ಹೊರಗೆ ಬರುತ್ತಿದ್ದರು, ಕೆಲವರು ಅವನನ್ನೇ ನೋಡುತ್ತಿದ್ದರು. ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

"ಹೆಂಡತಿ ತಂಗಿ ಮುಂದೆ ಮೂಗು ಕೊಯ್ಸಿಕೊಳ್ಳೋಕೆ ನಾನು ತಯಾರಿಲ್ಲ."

"ಹಾಗಾದರೆ ಮೂಗು ಇಟ್ಕೊಳ್ಳಿ. ಹಾಲ್ ಬಿಡಿ" ಎಂದು ತಂಪಕ್ಕ ಮೆಟ್ಟಿಲು ಇಳಿದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಹೆಜ್ಜೆಗೆ ಭಾರವೇ ಇರಲಿಲ್ಲ. ಸೇಡು ತೀರಿಸಿಕೊಂಡವರಿಗೆ ಆಮೇಲೆ ಖಾಲಿ ಎನಿಸುತ್ತದೆ ಎಂದು ಗಂಡ ಎಲ್ಲೋ ಓದಿದ್ದನಂತೆ. "ಬರೆದವರು ಸರಿಯಾಗಿ ತೀರಿಸ್ಕೊಂಡಿರಲಿಕ್ಕಿಲ್ಲ" ಎಂದು ಎರಡು ಸಲ ಬಡಿಸಿಕೊಂಡು ಉಂಡಳು.

ವಾರ ಮುಗಿಯಿತು. ಭಾವ ಯಾರನ್ನೋ ಕರೆಸಿ ಹೊಸ ಡಿಸ್ಕ್ ಹಾಕಿಸಿದ. ಬಂದವನು ಡಿಸ್ಕು ಹಾಕಿ, ಸರ್ವರಿನಿಂದ ಹೊರಡುವ ಒಂದೇ ಸಣ್ಣ ತಂತಿಯನ್ನು ಹಾಗೆಯೇ ಬಿಟ್ಟಿದ್ದ; ಅಡುಗೆಯವನಿಗೆ ಹೊಸ ಸೌಟು ಬಂತು, ಬಾಗಿಲು ಕಿರಿದಾಗಿಯೇ ಉಳಿಯಿತು. ಮುಳ್ಳು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಪಂದ್ಯಾವಳಿ ಪಕ್ಕದ ಬೀದಿಗೆ ಹೋಯಿತು.

ಅದಾದ ಮೇಲೆ ಒಂದು ಸಂಜೆ ಗುಂಪಿನಲ್ಲಿ ಒಂದು ಮಾತು ಬಂತು. ರೇಡಿಯೊ ಮಾಮ ಓಡಿಬಂದು ತೋರಿಸಿದ. ಬರೆದದ್ದು ಅಕ್ಕ, ತನ್ನ ಹೆಸರಿನಲ್ಲೇ. "ಅವತ್ತು ತಾಪ ಅರವತ್ತೇಳು ಇತ್ತು. ನನ್ನ ತಂಗಿಯ ತಪ್ಪಿರಲಿಲ್ಲ. ಡಿಸ್ಕ್ ಬದಲಿಸಿ ಎಂದು ಅವಳು ನನ್ನ ಎದುರಿಗೇ ಹೇಳಿದ್ದಳು. ನಾನು ಗಾಜು ಒರೆಸುತ್ತಾ ನಿಂತಿದ್ದೆ." ಪಂದ್ಯಾವಳಿ ಕೈತಪ್ಪಿದ ಮೇಲೆ ಬರೆದದ್ದು, ಯಾವ ಲಾಭಕ್ಕೂ ಅಲ್ಲ. ಭಾವ ಅವಳೊಂದಿಗೆ ಮಾತು ಬಿಟ್ಟನೆಂದು ಮಾಮನೇ ಹೇಳಿದ. ತಂಪಕ್ಕ ಓದಿ, ಫೋನ್ ಹಿಂದಕ್ಕೆ ಕೊಟ್ಟು, ಮುಖ ತೊಳೆಯಲು ಹೋದಳು. ಬರಲು ತಡವಾಯಿತು.

ಹಾಲ್ ಮುಂದಿನ ವರ್ಷ ಮುಚ್ಚಿತು. ಅಲ್ಲೀಗ ಸೋಫಾ ಮಾರುತ್ತಾರೆ. ರೇಡಿಯೊ ಮಾಮ ತಂಪಕ್ಕನ ಜೊತೆ ಸೇರಿದ್ದಾನೆ. ದರ್ಜಿಯ ಅಂಗಡಿಯ ಕಡೆಯ ಗೋಡೆ ಒಡೆದು ಕೋಣೆ ಹಿಗ್ಗಿಸಿದ್ದಾರೆ. ಅಕ್ಕ ವಾರಕ್ಕೊಮ್ಮೆ ಬಂದು ಕೂರುತ್ತಾಳೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ, ಅಕ್ಕ ಸ್ಕ್ರೂಗಳನ್ನು ಅಳತೆಯ ಪ್ರಕಾರ ಬೇರೆ ಮಾಡಿ ಡಬ್ಬಿಗೆ ಹಾಕುತ್ತಾಳೆ, ಅರ್ಧ ತಪ್ಪಾಗಿ.

ಮೊನ್ನೆ ಭಾವನೇ ಅಕ್ಕನನ್ನು ಬಿಡಲು ಬಂದಿದ್ದ. ಅವರ ಮನೆಯಲ್ಲಿ ಮಾತು ಮತ್ತೆ ಶುರುವಾಗಿದೆಯಂತೆ. ಒಳಗೆ ಬರಲಿಲ್ಲ, ಎದುರುಗಡೆ ಗಾಡಿಗೆ ಒರಗಿ ಅಂಗಡಿಯ ಬೋರ್ಡ್ ಓದುತ್ತ ನಿಂತಿದ್ದ. ಬೆನ್ನು ಸ್ವಲ್ಪ ಬಾಗಿತ್ತು.

"ಒಳಗೆ ಕರೀಲಾ ಪುಟ್ಟಿ? ನೀರಾದರೂ ಕುಡೀಲಿ" ಎಂದಳು ಅಕ್ಕ.

ತಂಪಕ್ಕ ಕಿಟಕಿಯಿಂದ ಚೆನ್ನಾಗಿ ನೋಡಿದಳು. ಆಮೇಲೆ ಕಾರ್ಡಿನ ಮೇಲಿನ ದೂಳು ಊದಿ, ಕೆಲಸಕ್ಕೆ ತಿರುಗಿದಳು.

"ನೀರು ಬೇಕಾದರೆ ನೀನೇ ಅಲ್ಲಿಗೆ ಕೊಟ್ಟು ಬಾ. ಒಳಗೆ ಬೇಡ."